ಸಾಲಿಗೊಂದು ಶಾಟ್ ಸಾಲದು

ಬೆನ್ಸನ್ ಟೌನ್‌ನ ಹಳೆಯ ಬಂಗಲೆಯೊಂದರ ಔಟ್‌ಹೌಸಿನಲ್ಲಿರುವ ನಿವೃತ್ತ ಕಂಪೋಸಿಟರ್ ಒಬ್ಬರ ಮೇಲೆ ಏಳು ನಿಮಿಷದ ಚಿತ್ರ. ಕ್ಯಾಮೆರಾ ಒಂದೇ. ಮಾಡುವವರು ಮೂವರು ಹುಡುಗರು. ಸ್ಕ್ರಿಪ್ಟ್ ಮುಗಿದಿತ್ತು, ಎಡಗಡೆ ಕಾಣುವುದು, ಬಲಗಡೆ ಕೇಳುವುದು ಎಂದು ಎರಡು ಕಾಲಂ ಹಾಕಿ ಚೊಕ್ಕವಾಗಿ ಟೈಪ್ ಮಾಡಿದ್ದರು. ಯಜಮಾನರನ್ನು ಮೊದಲೇ ಒಮ್ಮೆ ಮಾತಾಡಿಸಿ ಫೋನಿನಲ್ಲಿ ದನಿ ಹಿಡಿದುಕೊಂಡಿದ್ದರಿಂದ ಅವರು ಏನು ಹೇಳುತ್ತಾರೆ ಎನ್ನುವುದೂ ಹೆಚ್ಚುಕಡಿಮೆ ಅದರಲ್ಲಿತ್ತು. ಆ ಸ್ಕ್ರಿಪ್ಟಿನಿಂದ ಅವರು ತೆಗೆದ ಶಾಟ್ ಲಿಸ್ಟನ್ನು ನನ್ನ ಮುಂದಿಟ್ಟು ‘ನೋಡಿ ಸಾರ್’ ಎಂದರು. ಮೂವತ್ತನಾಲ್ಕು ಸಾಲು. ಇಪ್ಪತ್ತೈದರಲ್ಲಿ ಯಜಮಾನರ ಮುಖ, ಒಂಬತ್ತರಲ್ಲಿ ಉಳಿದದ್ದೆಲ್ಲ.

ಶ್ರದ್ಧೆಗೆ ಕೊರತೆ ಇಲ್ಲದ ಲಿಸ್ಟ್ ಅದು. ಆದರೂ ಅದನ್ನು ಹಿಡಿದುಕೊಂಡು ಶೂಟಿಂಗಿಗೆ ಹೋಗುವ ಹಾಗಿರಲಿಲ್ಲ. ಸ್ಕ್ರಿಪ್ಟಿನ ಪ್ರತಿ ಸಾಲಿಗೂ ಒಂದು ಶಾಟ್ ಬರೆದಿದ್ದರು, ಅದೂ ಸ್ಕ್ರಿಪ್ಟಿನ ಕ್ರಮದಲ್ಲೇ. ನೋಡುಗ ಕೊನೆಗೆ ನೋಡುವ ಕ್ರಮ ಅದು. ಶೂಟಿಂಗಿನ ದಿನ ಕ್ಯಾಮೆರಾ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎನ್ನುವುದು ಅದರಲ್ಲಿ ಸಿಗುವುದಿಲ್ಲ. ಹನ್ನೊಂದನೆಯ ಸಾಲು: ‘ಹದಿನಾಲ್ಕನೇ ವಯಸ್ಸಿಗೆ ಪ್ರೆಸ್ಸಿಗೆ ಸೇರಿದೆ – ವೈಡ್’. ಹನ್ನೆರಡನೆಯದು: ‘ಮೊದಲ ದಿನ ಬೈಸಿಕೊಂಡೆ – ಕ್ಲೋಸ್’. ಎರಡೂ ಒಂದೇ ಉತ್ತರದ ಅಕ್ಕಪಕ್ಕದ ವಾಕ್ಯಗಳು. ಎರಡು ಕ್ಯಾಮೆರಾ ಇದ್ದರೆ ಸರಿ. ಒಂದೇ ಇದ್ದಾಗ ಆ ಮನುಷ್ಯ ಅದೇ ಉತ್ತರವನ್ನು ಎರಡು ಸಲ ಹೇಳಬೇಕು. ನಟ ಹೇಳಿಯಾನು. ಮನೆಯ ಹಿರಿಯರೊಬ್ಬರು ಎರಡನೆಯ ಸಲ ಹೇಳುವಾಗ ಮಾತು ಅರ್ಧಕ್ಕಿಳಿಯುತ್ತದೆ, ‘ಆಗಲೇ ಹೇಳಿದೆನಲ್ಲ’ ಎನ್ನುವುದು ಸೇರಿಕೊಳ್ಳುತ್ತದೆ, ಮೊದಲು ಮೂಗಿನ ಮೇಲಿದ್ದ ಕನ್ನಡಕ ಕೈಗೆ ಬಂದಿರುತ್ತದೆ. ಬೈಸಿಕೊಂಡದ್ದನ್ನು ನೆನೆದು ಮೊದಲ ಸಲ ನಕ್ಕ ನಗೆಯಂತೂ ಮತ್ತೆ ಸಿಗುವುದಿಲ್ಲ.

ಆದ್ದರಿಂದ ಸ್ಕ್ರಿಪ್ಟ್ ಕೈಗೆ ಬಂದ ಮೇಲೆ ಮಾಡಬೇಕಾದ ಮೊದಲ ಕೆಲಸ ಶಾಟ್ ಬರೆಯುವುದಲ್ಲ. ಇನ್ನೊಮ್ಮೆ ತೆಗೆಯಬಹುದಾದದ್ದನ್ನೂ ತೆಗೆಯಲಾಗದ್ದನ್ನೂ ಬೇರ್ಪಡಿಸುವುದು. ಉತ್ತರಗಳು ಎರಡನೆಯ ಗುಂಪಿಗೆ ಸೇರಿದವು. ಕೈ, ಮೊಳೆ, ಕಿಟಕಿ, ಗೋಡೆಯ ಫೋಟೋ ಎಲ್ಲ ಮೊದಲನೆಯದಕ್ಕೆ. ಉತ್ತರದ ನಡುವೆ ಫ್ರೇಮ್ ಬದಲಾಯಿಸುವ ಸಾಲುಗಳನ್ನೆಲ್ಲ ಹೊಡೆದುಹಾಕಿ, ಪ್ರಶ್ನೆಗೊಂದು ಫ್ರೇಮ್ ಎಂದು ಬರೆದರೆ ಆ ಇಪ್ಪತ್ತೈದು ಸಾಲು ಐದಕ್ಕೆ ಇಳಿಯುತ್ತದೆ. ಕೇಳುವವರು ಪ್ರಶ್ನೆ ಕೇಳುತ್ತಿರುವಾಗಲೇ, ರೆಕಾರ್ಡಿಂಗ್ ನಿಲ್ಲಿಸದೆ, ಫ್ರೇಮ್ ಬದಲಾಯಿಸಿಕೊಳ್ಳಬಹುದು. ಕೆಲಸದ ವಿವರ ಕೇಳುವ ಮೂರನೆಯ ಪ್ರಶ್ನೆಗೆ ಕೈ ಕಾಣುವಷ್ಟು ವೈಡ್, ಪ್ರೆಸ್ಸು ಮುಚ್ಚಿದ್ದನ್ನು ಕೇಳುವ ನಾಲ್ಕನೆಯದಕ್ಕೆ ಕ್ಲೋಸ್, ಉಳಿದವಕ್ಕೆ ಮಿಡ್. ಒಂದು ಫ್ರೇಮಿಗೂ ಇನ್ನೊಂದಕ್ಕೂ ಗಾತ್ರದಲ್ಲಿ ಎದ್ದು ಕಾಣುವ ವ್ಯತ್ಯಾಸ ಇರಬೇಕು. ಸ್ವಲ್ಪವೇ ಬದಲಾದರೆ ಕಟ್ ಮಾಡಿದಾಗ ತಲೆ ಕುಕ್ಕಿದಂತೆ ಕಾಣುತ್ತದೆ, ತಪ್ಪಿ ಆದದ್ದು ಎನ್ನಿಸುತ್ತದೆ.

ಹುಡುಗರು ಇದಕ್ಕೊಂದು ಉತ್ತರ ಇಟ್ಟುಕೊಂಡಿದ್ದರು: 4ಕೆಯಲ್ಲಿ ತೆಗೆದರೆ ಎಡಿಟಿಂಗಿನಲ್ಲಿ ಒಳಗೆ ಹೋಗಬಹುದಲ್ಲ ಸಾರ್? ಹೋಗಬಹುದು. 3840 ಪಿಕ್ಸೆಲ್ ಅಗಲದ ಚಿತ್ರದಿಂದ 1920ರದನ್ನು ಕತ್ತರಿಸಿಕೊಂಡರೆ ಎರಡರಷ್ಟು ಹತ್ತಿರ ಸಿಗುತ್ತದೆ, ಫೋಕಸ್ ಕರಾರುವಾಕ್ಕಾಗಿದ್ದರೆ ಮಾತ್ರ. ವೈಡಿನಲ್ಲಿ ಕಣ್ಣಿಗೆ ಬೀಳದ ಸಣ್ಣ ಫೋಕಸ್ ತಪ್ಪು ಅಲ್ಲಿ ರೆಪ್ಪೆಯ ಮೇಲೇ ಬಂದು ಕೂರುತ್ತದೆ. ಒಂದೆರಡು ಕಡೆ ತೇಪೆ ಹಾಕಲು ಇದು ಸಾಕು. ಲಿಸ್ಟನ್ನು ಇದರ ಮೇಲೆ ಕಟ್ಟಬಾರದು.

ಇನ್ನು ಒಂಬತ್ತು ಸಾಲುಗಳ ಆ ‘ಉಳಿದದ್ದು’. ಲಿಸ್ಟಿನ ನಿಜವಾದ ಸೋಲು ಇರುವುದು ಇಲ್ಲಿ. ಸ್ಕ್ರಿಪ್ಟಿನ ಉತ್ತರಗಳನ್ನು ಪೆನ್ಸಿಲ್ ಹಿಡಿದು ಓದಿ, ಎಲ್ಲೆಲ್ಲಿ ಮಾತು ಬಿಟ್ಟು ಮುಂದೆ ಹೋಗಬೇಕೋ ಅಲ್ಲೆಲ್ಲ ಗೆರೆ ಹಾಕಿದೆವು. ಹದಿನಾಲ್ಕು ಗೆರೆ ಬಿತ್ತು. ಪ್ರತಿ ಗೆರೆಯ ಮೇಲೂ ಮುಖದ ಬದಲು ಬೇರೇನೋ ಕಾಣಬೇಕು, ಸುಮಾರು ಐದು ಸೆಕೆಂಡ್ ಎಂದಿಟ್ಟುಕೊಳ್ಳಿ. ಎಪ್ಪತ್ತು ಸೆಕೆಂಡ್ ಆಯಿತು. ನಿರೂಪಣೆಯ ದನಿ ಒಂದು ನಿಮಿಷ ಇದೆ, ಆಗಲೂ ಚಿತ್ರ ಬೇಕು. ಒಟ್ಟು ನೂರಮೂವತ್ತು ಸೆಕೆಂಡ್. ಐದೈದು ಸೆಕೆಂಡಿನಂತೆ ಇಪ್ಪತ್ತಾರು ಶಾಟ್. ಲಿಸ್ಟಿನಲ್ಲಿದ್ದದ್ದು ಒಂಬತ್ತು, ಅವುಗಳಲ್ಲೂ ಮೂರು ಬಂಗಲೆಯ ಹೊರನೋಟ. ಎಡಿಟಿಂಗ್ ಟೇಬಲ್ಲಿನ ಮುಂದೆ ಕೂತು, ಬೇರೆ ದಾರಿ ಇಲ್ಲದೆ ಬಂಗಲೆಯ ಅದೇ ಮಂಕಿ ಟಾಪನ್ನು ಮೂರನೆಯ ಸಲ ತೋರಿಸುವ ಚಿತ್ರಗಳು ಹುಟ್ಟುವುದು ಹೀಗೇ.

ಗೆರೆ ಹಾಕುವಾಗ ಕನ್ನಡಕ್ಕೇ ಸೇರಿದ ಒಂದು ತೊಡಕು ಎದುರಾಗುತ್ತದೆ. ನಾನು ನೋಡಿದ ಇಂಗ್ಲಿಷ್ ಕೈಪಿಡಿಗಳಲ್ಲಿ ಅದರ ಸುಳಿವಿಲ್ಲ. ನಮ್ಮ ಹಿರಿಯರು ಮಾತಾಡುವುದು ಹೀಗೆ: ‘ಬೆಳಿಗ್ಗೆ ಎದ್ದು, ನಡಕೊಂಡು ಹೋಗಿ, ಕೇಸಿನ ಮುಂದೆ ನಿಂತು, ಮೇಷ್ಟ್ರು ಬರೋದ್ರೊಳಗೆ ಒಂದು ಗ್ಯಾಲಿ ಮುಗಿಸಿ ಇಟ್ಟಿರ್ತಿದ್ದೆ.’ ಕ್ರಿಯಾಪದ ಕೊನೆಗೆ ಬರುವವರೆಗೂ ವಾಕ್ಯ ನಿಲ್ಲುವುದಿಲ್ಲ. ‘ನಿಂತು’ ಎನ್ನುವಲ್ಲಿ ಕತ್ತರಿಸಿದರೆ ದನಿ ಮೇಲೆದ್ದ ಹಾಗೇ ನೇತಾಡುತ್ತದೆ; ಮೇಲೆ ಯಾವ ಚಿತ್ರ ಹೊದಿಸಿದರೂ ಕಿವಿ ಆ ಮೋಸವನ್ನು ಹಿಡಿಯುತ್ತದೆ. ಹಾಗಾಗಿ ಕನ್ನಡದ ಸಂದರ್ಶನದಲ್ಲಿ ಕಟ್ ಮಾಡಬಹುದಾದ ಜಾಗಗಳು ಕಡಿಮೆ, ಒಂದು ಜಾಗದಿಂದ ಇನ್ನೊಂದಕ್ಕೆ ಇರುವ ದೂರ ಹೆಚ್ಚು. ಇನ್ನೊಂದು ಮಾತು. ಕೇಳುವವರ ದನಿ ಚಿತ್ರದಲ್ಲಿ ಇರುವುದಿಲ್ಲ. ‘ಯಾವಾಗ ಸೇರಿದಿರಿ?’ ಎಂದರೆ ‘ಹದಿನಾಲ್ಕಕ್ಕೇ ಸೇರ್ಕೊಂಡೆ’ ಎಂಬ ಉತ್ತರ ಬರುತ್ತದೆ. ಯಾರು, ಎಲ್ಲಿಗೆ ಎರಡೂ ಇಲ್ಲ. ಆದ್ದರಿಂದ ಲಿಸ್ಟಿನಲ್ಲಿ ಪ್ರತಿ ಪ್ರಶ್ನೆಯ ಎದುರು, ಉತ್ತರದಲ್ಲಿ ಯಾವ ಪದ ಬರಲೇಬೇಕು ಎಂದು ಒಂದು ಸಣ್ಣ ಖಾನೆ ಹಾಕಿಸಿದೆ. ‘ಪ್ರೆಸ್’ ಎಂಬ ಪದ ಬಂದಿಲ್ಲವೆಂದರೆ ಕೇಳುವವರು ‘ಯಾವ ಕೆಲಸಕ್ಕೆ ಸಾರ್?’ ಎಂದು ಅಲ್ಲೇ ಮೆಲ್ಲಗೆ ಎಳೆಯಬಹುದು.

ಚಿತ್ರ ಹೊದಿಸುವ ಶಾಟ್‌ಗಳಿಗೆ ಈ ಯಜಮಾನರ ಮನೆಯಲ್ಲಿ ಬರಗಾಲವೇನಿಲ್ಲ. ಒಂದು ಕಂಪೋಸಿಂಗ್ ಸ್ಟಿಕ್, ಬಿಸ್ಕತ್ ಡಬ್ಬದ ತುಂಬ ಹಳೆಯ ಮೊಳೆಗಳು. ಲಿಸ್ಟಿನಲ್ಲಿ ಇದೆಲ್ಲ ‘ಮೊಳೆ ಜೋಡಿಸುವುದು – ಕ್ಲೋಸ್’ ಎಂಬ ಒಂದೇ ಸಾಲಾಗಿತ್ತು. ಅದೇ ಎಂಟು ಸಾಲಾಗಬಹುದು: ಡಬ್ಬದ ಮುಚ್ಚಳ ತೆರೆಯುವ ಕೈ, ಮೊಳೆಗಳ ರಾಶಿಯಲ್ಲಿ ಬೆರಳು, ಬೆರಳ ತುದಿಯಿಂದ ಮೊಳೆಯ ಕಚ್ಚು ತಡಕುವುದು, ಎಡಗೈಯ ಸ್ಟಿಕ್, ಒತ್ತಕ್ಷರದ ಮೊಳೆ ಹುಡುಕುವ ಕಣ್ಣು, ತುಂಬಿದ ಸಾಲು, ಸಾಲನ್ನು ಬಿಗಿ ಮಾಡುವ ಹೆಬ್ಬೆರಳು, ಸೀಸದ ಕಪ್ಪು ಹತ್ತಿದ ಬೆರಳು. ಪ್ರತಿಯೊಂದರಲ್ಲೂ ಕೈ ಫ್ರೇಮಿನೊಳಗೆ ಬರುವ ಮೊದಲೂ ಹೊರಗೆ ಹೋದ ಮೇಲೂ ಕ್ಯಾಮೆರಾ ಕೆಲವು ಸೆಕೆಂಡ್ ಸುಮ್ಮನೆ ಓಡುತ್ತಿರಬೇಕು. ಮೊಳೆಯ ಅಕ್ಷರ ಉಬ್ಬಿ ಕಾಣಬೇಕಾದರೆ ಬೆಳಕು ಪಕ್ಕದಿಂದ ಸವರಿಕೊಂಡು ಬರಬೇಕು. ಎದುರಿನಿಂದ ಬಿದ್ದರೆ ಸೀಸ ಬರೀ ಹೊಳೆಯುತ್ತದೆ. ಅಕ್ಷರ ಕನ್ನಡಿಯಲ್ಲಿದ್ದಂತೆ ತಿರುಗಿಯೇ ಕಾಣುತ್ತದೆ, ಅದು ಹಾಗೇ ಇರಲಿ. ಓದಲು ಬರಲಿ ಎಂದು ಎಡಿಟಿಂಗಿನಲ್ಲಿ ಚಿತ್ರವನ್ನು ಮಗುಚಿದರೆ ಎಡಗೈಯ ಸ್ಟಿಕ್ ಬಲಗೈಗೆ ಹೋಗುತ್ತದೆ, ಈ ಕಸುಬು ಬಲ್ಲವರು ನಗುತ್ತಾರೆ.

ಮೂರನೆಯ ಪ್ರಶ್ನೆಯನ್ನು ಸ್ಟಿಕ್ ಕೈಗೆ ಕೊಟ್ಟೇ ಕೇಳಬೇಕೇ? ಕ್ಲಾಡ್ ಲ್ಯಾನ್ಸ್‌ಮನ್ 1985ರ ‘ಶೋಆ’ ಚಿತ್ರದಲ್ಲಿ ಹೀಗೆ ಮಾಡಿದ. ನಾಜಿಗಳ ಟ್ರೆಬ್ಲಿಂಕಾ ಶಿಬಿರದಲ್ಲಿ ಕೊಲ್ಲಲು ತಂದ ಹೆಂಗಸರ ಕೂದಲು ಕತ್ತರಿಸಬೇಕಾಗಿ ಬಂದಿದ್ದ ಅಬ್ರಹಾಂ ಬೊಂಬಾನನ್ನು ಇಸ್ರೇಲಿನ ಒಂದು ಕ್ಷೌರದಂಗಡಿಯಲ್ಲಿ ನಿಲ್ಲಿಸಿ, ಕೈಗೆ ಕತ್ತರಿ ಕೊಟ್ಟು ಮಾತಾಡಿಸಿದ. ಕೈ ಆಡುತ್ತಿದ್ದರೆ ನೆನಪು ತಾನಾಗಿ ಬರುತ್ತದೆ. ಆದರೆ ಕೈ ಆಡುವಾಗ ನಡುವೆ ಕತ್ತರಿಸುವುದೂ ಕಷ್ಟ: ಮೂರು ಮೊಳೆ ಇದ್ದ ಸ್ಟಿಕ್ಕಿನಲ್ಲಿ ಕಟ್ ಆದೊಡನೆ ಒಂಬತ್ತು ಮೊಳೆ. ಕತ್ತರಿಸದೆ ಉದ್ದಕ್ಕೆ ಬಿಡುವ ಎದೆಗಾರಿಕೆ ಇದ್ದರೆ ಕೊಡಬಹುದು. ಏಳು ನಿಮಿಷದ ಚಿತ್ರಕ್ಕೆ ಅಷ್ಟು ಉದ್ದ ಇಲ್ಲ. ಮಾತು ಮುಗಿದ ಮೇಲೆ ಸ್ಟಿಕ್ ಕೊಡಿ ಎಂದೆ.

ಬೆಳಕಿನ ಸಾಲು ಪುಸ್ತಕದಿಂದ ನೇರವಾಗಿ ಇಳಿದಿತ್ತು: ‘ಉತ್ತರದ ಕಿಟಕಿ, ಇಡೀ ದಿನ ಒಂದೇ ಬೆಳಕು.’ ಯುರೋಪಿನ ಚಿತ್ರಕಾರರ ಕೋಣೆಗೆ ಇದು ನಿಜ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಅವರ ಶೂಟಿಂಗ್ ಇದ್ದದ್ದು ಜೂನ್‌ನಲ್ಲಿ. ಆ ತಿಂಗಳು ಬೆಳಗಿನ ಬಿಸಿಲು ಅದೇ ಉತ್ತರದ ಕಿಟಕಿಯಿಂದ ಓರೆಯಾಗಿ ಒಳಗೆ ಬಿದ್ದು, ಮುಖದ ಮೇಲೆ ಹರಿದು, ಮುಂಗಾರಿನ ಮೋಡ ಬಂದಾಗ ಆರಿಹೋಗುತ್ತದೆ. ಕಟ್ ಮಾಡಿದ ಕಡೆಯಲ್ಲೆಲ್ಲ ಅದು ಕಾಣುತ್ತದೆ. ಕಿಟಕಿಗೆ ಒಂದು ಬಿಳಿ ಪಂಚೆ ಬಿಗಿದರೆ ಬಿಸಿಲಿನ ಅಂಚು ಮೆತ್ತಗಾಗುತ್ತದೆ. ಜೊತೆಗೆ ಐದೂ ಪ್ರಶ್ನೆಗಳನ್ನು ಲಿಸ್ಟಿನ ತಲೆಯಲ್ಲಿ ಒಟ್ಟಿಗೆ ಇಟ್ಟು ಒಂದೇ ಕೂರಿಕೆಯಲ್ಲಿ ಮುಗಿಸಿ, ಕೈ ಮತ್ತು ಮೊಳೆಗಳನ್ನು ಮಧ್ಯಾಹ್ನಕ್ಕೆ ತಳ್ಳಬೇಕು.

ಶಬ್ದಕ್ಕೆ ಲಿಸ್ಟಿನಲ್ಲಿ ಖಾನೆಯೇ ಇರಲಿಲ್ಲ. ಬೆನ್ಸನ್ ಟೌನ್‌ಗೆ ಹತ್ತಿರದಲ್ಲೇ ಕಂಟೋನ್ಮೆಂಟ್ ಸ್ಟೇಷನ್ ಇದೆ. ರೈಲಿನ ಹಾರನ್, ನಂದಿದುರ್ಗ ರಸ್ತೆಯ ಕಡೆಯ ವಾಹನಗಳು, ಮಧ್ಯಾಹ್ನದ ಆಜಾನ್ ಎಲ್ಲ ಕೇಳುತ್ತದೆ. ಆಜಾನಿನ ಹೊತ್ತು ಮೊದಲೇ ಗೊತ್ತು, ಟೀ ಕುಡಿಯಲು ಅದೇ ಹೊತ್ತು ಇಟ್ಟುಕೊಳ್ಳಿ. ರೈಲಿನ ಹಾರನ್ ಗೊತ್ತಿಲ್ಲ. ಬಂದಾಗ ಮಾತು ತಡೆಯದೆ ಬಿಟ್ಟು, ಉತ್ತರ ಮುಗಿದ ಮೇಲೆ ಮುಚ್ಚಿಹೋದ ಆ ಭಾಗವನ್ನಷ್ಟೇ ಹೊಸ ಪ್ರಶ್ನೆಯಾಗಿ ಕೇಳಬೇಕು. ಕೊನೆಗೆ ಎಲ್ಲರೂ ಇದ್ದಲ್ಲೇ ಕೂತು ಕೋಣೆಯ ಮೌನವನ್ನು ಒಂದು ನಿಮಿಷ ಹಿಡಿಯಬೇಕು, ಕಟ್‌ಗಳ ಕೆಳಗೆ ಹಾಸಲು ಅದು ಬೇಕೇ ಬೇಕು. ಸದ್ದು ಬೇಡವೆಂದು ಫ್ರಿಜ್ ಆರಿಸಿದವರು ಬೈಕಿನ ಕೀಲಿಯನ್ನು ಅದರೊಳಗೇ ಇಡುವುದು ಒಳ್ಳೆಯದು. ಮತ್ತೆ ಹಾಕದೆ ಹೊರಟರೆ ಯಜಮಾನರ ಹಾಲು ಕೆಡುತ್ತದೆ.

ಎರಡು ಸಾಲನ್ನು ಮಾತ್ರ ವಾದ ಮಾಡಿ ತೆಗೆಸಿದೆ: ಕೇಳುವ ಹುಡುಗ ತಲೆಯಾಡಿಸುವ ಶಾಟ್‌ಗಳು. ಒಂದೇ ಕ್ಯಾಮೆರಾ ಇದ್ದಾಗ ಅವನ್ನು ತೆಗೆಯುವುದು ಸಂದರ್ಶನ ಮುಗಿದ ಮೇಲೆ, ಎದುರು ಖಾಲಿ ಕುರ್ಚಿ ಇಟ್ಟುಕೊಂಡು. ಬ್ರಿಟನ್ನಿನ ಫೈವ್ ನ್ಯೂಸ್ 2007ರಲ್ಲೇ ಈ ಅಭ್ಯಾಸ ಬಿಡುವುದಾಗಿ ಸಾರಿತು. ಕೇಳದೇ ಇದ್ದ ಮಾತಿಗೆ ತಲೆದೂಗುವುದು ಚಿಕ್ಕ ಸುಳ್ಳು ಎಂದು ಹುಡುಗರು ಹೇಳಿದರು. ಚಿಕ್ಕದೇ ಇರಬಹುದು, ಬಿಸ್ಕತ್ ಡಬ್ಬದ ತುಂಬ ಮೊಳೆ ಇರುವಾಗ ಅದರ ಅಗತ್ಯವಾದರೂ ಏನು?

ತಿದ್ದಿದ ಲಿಸ್ಟಿಗೂ ಒಂದು ಮಿತಿ ಇದೆ. ಇಪ್ಪತ್ತಾರಕ್ಕೆ ಒಂದಷ್ಟು ಹೆಚ್ಚುವರಿ ಸೇರಿಸಿದರೆ ನಲವತ್ತರ ಹತ್ತಿರ ಹೋಗುತ್ತದೆ. ಎರಡು ತಾಸಿಗೂ ಮೀರಿದ ಕೆಲಸ, ವಯಸ್ಸಾದವರಿಗೆ ದಣಿವು. ಅದಕ್ಕೇ ಅವರ ಕೈ ಬೇಕಾದ ಶಾಟ್‌ಗಳನ್ನು ಮೊದಲಿಗೆ, ಬರೀ ವಸ್ತುಗಳದ್ದನ್ನು ಆಮೇಲೆ ಇಟ್ಟೆವು. ಆರು ಸಾಲು ಖಾಲಿ ಬಿಟ್ಟೆವು. ಉತ್ತರ ನಡೆಯುವಾಗ ಇನ್ನೊಬ್ಬ ಹುಡುಗ ಟೈಮ್‌ಕೋಡ್ ನೋಡಿಕೊಂಡು, ಸ್ಕ್ರಿಪ್ಟಿನಲ್ಲಿ ಇಲ್ಲದ ಯಾವ ವಸ್ತುವಿನ ಹೆಸರನ್ನು ಯಜಮಾನರು ಎತ್ತಿದರು ಎಂದು ಅಲ್ಲಿ ಬರೆದುಕೊಳ್ಳಬೇಕು. ಬಂಗಲೆಯ ಹೊರನೋಟ ಒಂದೇ ಉಳಿಯಿತು, ಅದೂ ಲಿಸ್ಟಿನ ಕಟ್ಟಕಡೆಯಲ್ಲಿ, ಹೊತ್ತು ಮಿಕ್ಕರೆ ಮಾತ್ರ.