ಮೊದಲು ಕಾರ್ಡು, ಕೊನೆಗೆ ಸಿಮ್

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಪಕ್ಕದ ಬೀದಿಯ ನಿವೃತ್ತ ಉಪನ್ಯಾಸಕಿಯೊಬ್ಬರು ಹೊಸ ಫೋನ್ ಕೊಂಡರು. ಹಳೆಯ ಸ್ಯಾಮ್‌ಸಂಗ್ ಫೋನು ಮೊಮ್ಮಗನಿಗೆ ಹೋಗಬೇಕು. ಮನೆಯೊಳಗೆ ಸಿಗ್ನಲ್ ನಿಲ್ಲುವುದಿಲ್ಲವೆಂದು ಅದೇ ವಾರ ಕಂಪನಿಯನ್ನೂ ಬದಲಿಸುವ ಯೋಚನೆ ಅವರದು. ನಂಬರು ಮಾತ್ರ ಹಳೆಯದೇ ಇರಬೇಕು. ಸಿಮ್ಮು ಚೂರು ಪ್ಲಾಸ್ಟಿಕ್ ಅಲ್ಲ, ಇ-ಸಿಮ್. ಜೊತೆಗೆ ಸ್ಯಾಮ್‌ಸಂಗ್ ವಾಲೆಟ್‌ನಲ್ಲಿ ಎರಡು ಬ್ಯಾಂಕ್ ಕಾರ್ಡುಗಳು, ಅಂಗಡಿಯ ಯಂತ್ರಕ್ಕೆ ಫೋನ್ ತಾಗಿಸಿ ಹಣ ಕೊಡಲು.

"ಹಳೇದರಲ್ಲಿರೋ ಸಿಮ್ಮನ್ನ ಮೊದಲು ಅಳಿಸಿಬಿಡ್ಲೇನಪ್ಪಾ?" ಎಂದು ಕೇಳಿದರು.

"ಬೇಡ ಮೇಡಂ, ಅದು ಎಲ್ಲಕ್ಕಿಂತ ಕೊನೇದು" ಎಂದೆ.

ಹೆಚ್ಚಿನವರು ಮೊದಲು ಅಳಿಸುವುದು ಇ-ಸಿಮ್ಮನ್ನೇ. ವಾಲೆಟ್ ಕಾರ್ಡು ನೆನಪಿಗೇ ಬರುವುದಿಲ್ಲ. ಆದರೆ ನಂಬರು ಬೇರೆ ಕಡೆಗೆ ಹೋದ ಕ್ಷಣವೇ ಹಳೆಯ ಇ-ಸಿಮ್ ನಿರ್ಜೀವವಾಗುತ್ತದೆ, ಅದನ್ನು ನಾವು ಕೊಲ್ಲಬೇಕಿಲ್ಲ. ಕಾರ್ಡು ಹಾಗಲ್ಲ. ನಾವಾಗಿ ತೆಗೆಯುವವರೆಗೆ, ಅಥವಾ ಫೋನನ್ನು ಪೂರ್ತಿ ರೀಸೆಟ್ ಮಾಡುವವರೆಗೆ, ಅದು ಅಲ್ಲೇ ಇರುತ್ತದೆ.

ಇ-ಸಿಮ್ಮಿನ ಚಿಪ್ಪು ಫೋನಿನೊಳಗೇ ಬೆಸೆದುಕೊಂಡಿರುತ್ತದೆ. ನಾವು ಇಳಿಸಿಕೊಳ್ಳುವುದೂ ಅಳಿಸುವುದೂ ಅದರೊಳಗಿನ ಪ್ರೊಫೈಲನ್ನು. ಕಂಪನಿ ಕಳಿಸುವ ಕ್ಯೂಆರ್ ಚಿತ್ರದಲ್ಲಿ ಪ್ರೊಫೈಲ್ ಇರುವುದಿಲ್ಲ. ಅದು ಯಾವ ಸರ್ವರಿನಲ್ಲಿದೆ ಎಂಬ ವಿಳಾಸ ಮತ್ತು ಅದನ್ನು ಬಿಡಿಸಿಕೊಳ್ಳುವ ಸಂಕೇತ ಮಾತ್ರ ಅದರಲ್ಲಿರುತ್ತವೆ. ಸಾಮಾನ್ಯವಾಗಿ ಆ ಸಂಕೇತ ಒಂದೇ ಸಲಕ್ಕೆ. ಒಮ್ಮೆ ಇಳಿಸಿ ಅಳಿಸಿದರೆ, ಮೇಲ್‌ನಲ್ಲಿ ಜೋಪಾನವಾಗಿಟ್ಟ ಅದೇ ಕ್ಯೂಆರ್ ಮತ್ತೆ ಕೆಲಸಕ್ಕೆ ಬರುವುದಿಲ್ಲ, ಹೊಸದನ್ನು ಕೇಳಬೇಕು. ಕೇಳುವ ದಾರಿ ಬಹುಪಾಲು ಅದೇ ನಂಬರಿಗೆ ಬರುವ ಎಸ್ಎಂಎಸ್ ಮೂಲಕ. ಮುಂಚೆಯೇ ಅಳಿಸಿ ಕೂತವರಿಗೆ ಆ ದಾರಿಯೂ ಮುಚ್ಚಿ, ಗುರುತಿನ ಚೀಟಿ ಹಿಡಿದು ಅಂಗಡಿಗೆ ಹೋಗುವುದೊಂದೇ ಉಳಿಯುತ್ತದೆ.

ಮೇಡಂ ಅವರ ವಿಷಯದಲ್ಲಿ ಇನ್ನೂ ಒಂದು ತಿರುವಿತ್ತು. ಹಳೆಯ ಕಂಪನಿಯಲ್ಲೇ ಇದ್ದು ಇ-ಸಿಮ್ಮನ್ನು ಹೊಸ ಫೋನಿಗೆ ತಂದುಕೊಂಡು, ಆಮೇಲೆ ನಿಧಾನವಾಗಿ ಪೋರ್ಟ್ ಮಾಡುವುದು ಅವರ ಲೆಕ್ಕಾಚಾರ. ನೋಡಲು ಸಲೀಸು, ಆದರೆ ನಿಯಮ ಅಡ್ಡ ಬರುತ್ತದೆ. ಸಿಮ್ ಬದಲಾದ ಮೇಲೆ 24 ಗಂಟೆ ಎಸ್ಎಂಎಸ್ ಹೋಗುವುದೂ ಇಲ್ಲ, ಬರುವುದೂ ಇಲ್ಲ. ಅಲ್ಲಿಗೆ ಓಟಿಪಿಯೂ ನಿಂತಂತೆ. ಜೊತೆಗೆ 2024ರ ಜುಲೈ 1ರಿಂದ, ಸಿಮ್ ಬದಲಿಸಿದ ದಿನದಿಂದ 7 ದಿನ ಕಳೆಯುವವರೆಗೆ ಪೋರ್ಟ್ ಕೋಡ್ ಕೊಡುವುದಿಲ್ಲ. ಇನ್ನೊಬ್ಬರ ನಂಬರನ್ನು ಕದ್ದು ತಮ್ಮ ಸಿಮ್ಮಿಗೆ ಹಾಕಿಸಿಕೊಂಡು, ಮರುಕ್ಷಣ ಬೇರೆ ಕಂಪನಿಗೆ ಸಾಗಿಸುವ ಮೋಸಗಾರರನ್ನು ತಡೆಯಲು ತಂದ ನಿಯಮವಿದು. ನನಗೆ ಇದು ತೀರಾ ಸರಿಯಾದ ನಿಯಮವೆನಿಸುತ್ತದೆ. ನಮ್ಮ ಕೆಲಸವನ್ನೇ ಅದಕ್ಕೆ ಹೊಂದಿಸಿಕೊಳ್ಳಬೇಕು. ಅಂದರೆ ಎರಡು ಬದಲಾವಣೆಗಳನ್ನು ಒಂದು ಮಾಡಬೇಕು: ಹಳೆಯ ಫೋನಿನಲ್ಲಿ ಹಳೆಯ ಸಿಮ್ ಹಾಗೇ ಇರಲಿ, ಪೋರ್ಟ್ ಆಗಿ ಬರುವ ಹೊಸ ಕಂಪನಿಯ ಪ್ರೊಫೈಲ್ ನೇರವಾಗಿ ಹೊಸ ಫೋನಿಗೇ ಇಳಿಯಲಿ.

ಸೋಮವಾರ ಹಳೆಯ ಫೋನಿನಿಂದ PORT ಎಂದು ಬರೆದು, ಜಾಗ ಬಿಟ್ಟು ತಮ್ಮ ಹತ್ತಂಕಿಯ ನಂಬರು ಸೇರಿಸಿ 1900ಕ್ಕೆ ಕಳಿಸಿದರು. ಎಂಟು ಅಕ್ಷರಗಳ ಕೋಡು ಬಂತು. ಕರ್ನಾಟಕದಲ್ಲಿ ಅದರ ಆಯುಸ್ಸು ನಾಲ್ಕು ದಿನ. ಪೋಸ್ಟ್‌ಪೇಯ್ಡ್ ಆದ್ದರಿಂದ ಬಾಕಿ ಬಿಲ್ಲನ್ನು ಅದಕ್ಕೂ ಮೊದಲೇ ಕಟ್ಟಿಸಿದ್ದೆ. ಬಾಕಿ ಇದ್ದರೆ ಕೋಡು ಸಿಗುವುದಿಲ್ಲ. ಪ್ರೊಫೈಲ್ ಅಳಿಸಿದ ಮಾತ್ರಕ್ಕೆ ಬಿಲ್ಲು ನಿಲ್ಲುತ್ತದೆಂದು ನಂಬಿದವರು ಬಹಳ ಜನ. ಅಳಿಸುವುದು ಫೋನಿನೊಳಗಿನ ಕೆಲಸ, ಸಂಪರ್ಕ ಮುಗಿಸುವುದು ಕಂಪನಿಯ ಖಾತೆಯ ಕೆಲಸ.

ಮಂಗಳವಾರ ಹೊಸ ಕಂಪನಿಯ ಅಂಗಡಿಗೆ ಹೋಗುವ ಮುನ್ನ ಹೊಸ ಫೋನಿನಲ್ಲಿ *#06# ಒತ್ತಿಸಿ, ತೆರೆಯ ಮೇಲೆ ಬಂದ 32 ಅಂಕಿಯ ಇಐಡಿಯನ್ನು ಬರೆದುಕೊಳ್ಳಲು ಹೇಳಿದೆ. ಅದು ಇ-ಸಿಮ್ ಚಿಪ್ಪಿನ ಗುರುತು. ನಮಗೆ ಗೊತ್ತಿಲ್ಲದ ಇಐಡಿಗೆ ಒಪ್ಪಿಗೆ ಕೊಡಿ ಎಂದು ಯಾರಾದರೂ ಫೋನಿನಲ್ಲಿ ಹೇಳಿದರೆ, ನಂಬರು ಅವರ ಕೈಗೆ ಹೋಗುತ್ತಿದೆ ಎಂದೇ ಅರ್ಥ.

ಒಂದೇ ಟೆಲಿಕಾಂ ವಲಯದೊಳಗಿನ ಪೋರ್ಟಿಗೆ ಮೂರು ಕೆಲಸದ ದಿನ ಬೇಕು. ಕಾಯುವ ಆ ದಿನಗಳು ವಾಲೆಟ್ ಕಾರ್ಡಿಗೆ ಹೇಳಿ ಮಾಡಿಸಿದ ಹೊತ್ತು. ಹಳೆಯ ನಂಬರು ಇನ್ನೂ ಜೀವಂತ, ಬ್ಯಾಂಕು ಏನಾದರೂ ಸಂದೇಶ ಕಳಿಸಿದರೆ ತಲುಪುತ್ತದೆ.

ವಾಲೆಟ್‌ಗೆ ಸೇರಿಸಿದಾಗ ಫೋನಿನಲ್ಲಿ ಉಳಿಯುವುದು ಕಾರ್ಡಿನ ಹದಿನಾರಂಕಿಯಲ್ಲ, ಅದರ ಬದಲಿಗೆ ನಿಲ್ಲುವ ಟೋಕನ್. ರಿಸರ್ವ್ ಬ್ಯಾಂಕ್ 2019ರ ಜನವರಿಯಲ್ಲಿ ಇದಕ್ಕೆ ಅನುಮತಿ ಕೊಟ್ಟಾಗಲೇ ಸ್ಪಷ್ಟಪಡಿಸಿತ್ತು: ಕಾರ್ಡು, ಟೋಕನ್ ಕೇಳಿದ ಆ್ಯಪ್, ಸಾಧನ, ಈ ಮೂರೂ ಸೇರಿದರೆ ಒಂದು ಟೋಕನ್. ಹಾಗಾಗಿ ಅದೇ ಕಾರ್ಡನ್ನು ಹೊಸ ಫೋನಿಗೆ ಸೇರಿಸಿದರೆ ಅಲ್ಲಿ ಹೊಸ ಟೋಕನ್ ಹುಟ್ಟುತ್ತದೆ. ಹಳೆಯ ಫೋನಿನದು ಅದರಿಂದ ಸಾಯುವುದಿಲ್ಲ. ಅದನ್ನು ಬಳಸಲು ಪಿನ್ ಅಥವಾ ಬೆರಳಚ್ಚು ಬೇಕು ನಿಜ. ಆದರೆ ಮನೆಯೊಳಗೇ ಕೈ ಬದಲಾಗುವ ಫೋನಿನಲ್ಲಿ ಪಿನ್ ಎಲ್ಲರಿಗೂ ಗೊತ್ತಿರುತ್ತದೆ, ರೀಸೆಟ್ ಮಾಡುವ ಗೋಜಿಗೂ ಯಾರೂ ಹೋಗುವುದಿಲ್ಲ.

ಬುಧವಾರ ಸಂಜೆ ವೈಫೈ ಇದ್ದಾಗಲೇ ವಾಲೆಟ್ ತೆರೆದು, ಒಂದೊಂದೇ ಕಾರ್ಡಿನ ಒಳಹೊಕ್ಕು, ಮೆನುವಿನಿಂದ ತೆಗೆಸಿದೆ. ಆ್ಯಪನ್ನೇ ಕಿತ್ತುಹಾಕುವುದಕ್ಕಿಂತ ಇದು ಮೇಲು. ಕಾರ್ಡನ್ನು ತೆಗೆದಾಗ ಟೋಕನ್ ರದ್ದುಮಾಡಿ ಎಂಬ ಕೋರಿಕೆ ಕಾರ್ಡ್ ಜಾಲಕ್ಕೆ ಹೋಗಬೇಕು, ಅದಕ್ಕೆ ಇಂಟರ್ನೆಟ್ ಬೇಕು. ಪ್ಲಾಸ್ಟಿಕ್ ಕಾರ್ಡಿಗೆ ಇದರಿಂದ ಏನೂ ಆಗುವುದಿಲ್ಲ, ಎಟಿಎಮ್‌ನಲ್ಲಿ ಎಂದಿನಂತೆ ನಡೆಯುತ್ತದೆ. ಹೊಸ ಫೋನಿಗೆ ಸೇರಿಸುವುದನ್ನು ಮಾತ್ರ ಮುಂದಕ್ಕೆ ಹಾಕಿಸಿದೆ, ಏಕೆಂದರೆ ಅದಕ್ಕೆ ಓಟಿಪಿ ಬೇಕಾಗುತ್ತದೆ, ನಂಬರು ಇನ್ನೂ ಅಲ್ಲಿಗೆ ಬಂದಿರಲಿಲ್ಲ.

ಶುಕ್ರವಾರ ಬೆಳಗ್ಗೆ ಹಳೆಯ ಫೋನಿನಲ್ಲಿ ಸಿಗ್ನಲ್ ಹೋಗಿತ್ತು. ಹೊಸ ಫೋನಿನಲ್ಲಿ ಕಡ್ಡಿಗಳು ಮೂಡಿದ್ದವು. ಅಷ್ಟಕ್ಕೇ ನಂಬಬಾರದು. ಬೇರೆ ಕಂಪನಿಯ ನಂಬರಿನಿಂದ ಕರೆ ಬರಬೇಕು, ಒಂದು ಎಸ್ಎಂಎಸ್ ಹೋಗಬೇಕು, ಒಂದು ಬರಬೇಕು. ಯುಪಿಐ ನೋಂದಣಿಗೆ ಫೋನೇ ತಾನಾಗಿ ಎಸ್ಎಂಎಸ್ ಕಳಿಸಿ ಸಿಮ್ಮನ್ನೂ ಸಾಧನವನ್ನೂ ಬೆಸೆಯುವುದರಿಂದ, ಇದು ಆಗದಿದ್ದರೆ ಅದೂ ಆಗದು. ಹೊಸ ಸಾಧನದಲ್ಲಿ ಮೊದಮೊದಲು ಪಾವತಿ ಮಿತಿ ಕಡಿಮೆ ಇರುವುದರಿಂದ ಆ ದಿನ ದೊಡ್ಡ ಮೊತ್ತ ಕೊಡುವುದು ಬೇಡವೆಂದೂ ಹೇಳಿದ್ದೆ.

ಮೂರೂ ಆದ ಮೇಲೆ ಹಳೆಯ ಫೋನಿನಲ್ಲಿ ಸೆಟ್ಟಿಂಗ್ಸ್, ಕನೆಕ್ಷನ್ಸ್, ಸಿಮ್ ಮ್ಯಾನೇಜರ್ ತೆರೆದು ಪ್ರೊಫೈಲ್ ತೆಗೆದೆವು. ಆಗಲೂ ವೈಫೈ ಇರಬೇಕು. ಅಳಿಸಿದ ಸುದ್ದಿಯನ್ನು ಚಿಪ್ಪು ಸರ್ವರಿಗೆ ಮುಟ್ಟಿಸಬೇಕು. ಅದು ಮುಟ್ಟದಿದ್ದರೆ ಸರ್ವರಿನ ಕಡತದಲ್ಲಿ ಪ್ರೊಫೈಲ್ ಇನ್ನೂ ಫೋನಿನಲ್ಲೇ ಇದೆ ಎಂದು ಉಳಿಯುತ್ತದೆ. ಕಂಪನಿ ಬಿಟ್ಟವರಿಗೆ ಇದರಿಂದ ತೊಂದರೆಯಿಲ್ಲ. ಅದೇ ಪ್ರೊಫೈಲನ್ನು ಮತ್ತೆ ಇಳಿಸಿಕೊಳ್ಳುವವರಿಗೆ, ಪ್ರವಾಸದ ಇ-ಸಿಮ್ ಬಳಸುವವರಿಗೆ, ಸರ್ವರು ಅನುಮತಿ ನಿರಾಕರಿಸುವುದು ಇಲ್ಲೇ.

ರೀಸೆಟ್ ಮಾಡುವುದು ಇದೂ ಆದ ಮೇಲೆಯೇ. ಆಂಡ್ರಾಯ್ಡ್ ಫೋನುಗಳಲ್ಲಿ ಇ-ಸಿಮ್ಮನ್ನೂ ಅಳಿಸಬೇಕೆ ಎಂಬ ಪ್ರಶ್ನೆ ಬೇರೆಯಾಗಿಯೇ ಇರಬಹುದು, ಐಫೋನಿನಲ್ಲಿಯೂ ಇ-ಸಿಮ್ ಉಳಿಸಿಕೊಳ್ಳುವ ಆಯ್ಕೆ ಇದೆ. ಪ್ರೊಫೈಲ್ ಇರುವುದು ಬೇರೆ ಚಿಪ್ಪಿನಲ್ಲಾದ್ದರಿಂದ, ಫೋಟೊ ಸಂದೇಶಗಳೆಲ್ಲ ಹೋದರೂ ಅದು ಉಳಿಯಬಲ್ಲದು. ಐಫೋನ್ ಇಟ್ಟುಕೊಂಡ ವಿದೇಶದ ಕನ್ನಡಿಗರಿಗೆ ಒಂದು ಅನುಕೂಲವಿದೆ. ಫೋನ್ ಆಗಲೇ ಕೈಬಿಟ್ಟು ಹೋಗಿದ್ದರೂ ಆಪಲ್ ಖಾತೆಯ ಜಾಲತಾಣದಲ್ಲಿ ಆ ಸಾಧನವನ್ನು ಆರಿಸಿ ಅದರ ಪಾವತಿ ಕಾರ್ಡುಗಳನ್ನು ತೆಗೆಯಬಹುದು. ಆ ಸೌಲಭ್ಯ ಇಲ್ಲದವರು ಕಾರ್ಡಿನ ಹಿಂಬದಿಯ ಸಂಖ್ಯೆಗೆ ಕರೆಮಾಡಿ, ಕಾರ್ಡನ್ನಲ್ಲ, ಆ ಫೋನಿನ ಟೋಕನ್ನನ್ನು ಮಾತ್ರ ರದ್ದುಮಾಡಿ ಎಂದು ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ಕಾರ್ಡೇ ಬ್ಲಾಕ್ ಆಗಿ, ಹೊಸದು ಅಂಚೆಯಲ್ಲಿ ಬರುವವರೆಗೆ ಕಾಯಬೇಕಾದೀತು.