ಐದು ಆಯ್ಕೆ, ಒಂದೇ ಉತ್ತಮ ಉತ್ತರ

ಔಷಧಶಾಸ್ತ್ರದ ಪರೀಕ್ಷೆಯಲ್ಲಿ ನನಗೆ ತುಂಬ ಇಷ್ಟವಾದ ಪ್ರಶ್ನೆ ಹೀಗಿದೆ. ಹೃದಯದ ಲಯ ತಪ್ಪಿದ 68 ವರ್ಷದ ಮಹಿಳೆ ವಾರ್ಫರಿನ್ ಸೇವಿಸುತ್ತಿದ್ದಾರೆ. ತಿಂಗಳುಗಳಿಂದ ಐಎನ್‌ಆರ್ 2.5ರ ಆಸುಪಾಸಿನಲ್ಲಿದೆ. ಹಲ್ಲಿನ ಸೋಂಕಿಗೆ ಐದು ದಿನ ಮೆಟ್ರೊನಿಡಜೋಲ್ ತೆಗೆದುಕೊಂಡ ಮೇಲೆ ಒಸಡಿನಲ್ಲಿ ರಕ್ತ, ಐಎನ್‌ಆರ್ 6.8. ಇದಕ್ಕೆ ಮುಖ್ಯ ಕಾರಣವೇನು?

ಪ್ರಶ್ನೆಯ ಸೊಗಸು ಆಯ್ಕೆಗಳಲ್ಲಿದೆ. ಪ್ಲೇಟ್‌ಲೆಟ್‌ಗಳ ಕೆಲಸ ಕುಂದಿದೆ ಎಂಬುದು ಬಿದ್ದುಹೋಗುತ್ತದೆ, ಏಕೆಂದರೆ ಐಎನ್‌ಆರ್ ಅದನ್ನು ಅಳೆಯುವುದಿಲ್ಲ. ಯಕೃತ್ತಿನ ಕಿಣ್ವಗಳು ಚುರುಕಾಗಿದ್ದರೆ ಐಎನ್‌ಆರ್ ಇಳಿಯಬೇಕಿತ್ತು. ವಾರ್ಫರಿನ್ ಮೂತ್ರಪಿಂಡದಿಂದ ಹೊರಹೋಗುತ್ತಿಲ್ಲ ಎಂಬುದೂ ಸಲ್ಲದು. ಅದು ಒಡೆಯುವುದು ಯಕೃತ್ತಿನಲ್ಲಿ. ಕರುಳಿನ ಬ್ಯಾಕ್ಟೀರಿಯಾ ಸತ್ತು ವಿಟಮಿನ್ ಕೆ ಕಡಿಮೆಯಾಯಿತು ಎಂಬ ಆಯ್ಕೆ ಮಾತ್ರ ಕೈಹಿಡಿದು ನಿಲ್ಲಿಸುತ್ತದೆ. ಅದರಲ್ಲಿ ಅಲ್ಪ ಸತ್ಯವಿದೆ. ಆದರೆ ಇಷ್ಟು ದೊಡ್ಡ ಏರಿಕೆಗೆ ಅದು ಸಾಲದು. ವಾರ್ಫರಿನ್ನಿನ ಹೆಚ್ಚು ಪ್ರಬಲವಾದ ಎಸ್ ರೂಪವನ್ನು ಒಡೆಯುವ ಸಿವೈಪಿ2ಸಿ9 ಕಿಣ್ವವನ್ನು ಮೆಟ್ರೊನಿಡಜೋಲ್ ತಡೆಯುತ್ತದೆ ಎಂಬುದೇ ಉತ್ತಮ ಉತ್ತರ.

ಹೀಗೆ ಪ್ರತಿ ತಪ್ಪು ಆಯ್ಕೆಯೂ ವಿದ್ಯಾರ್ಥಿಯ ತಿಳಿವಳಿಕೆ ಎಲ್ಲಿ ಜಾರಿತೆಂದು ಹೇಳುತ್ತದೆ. ‘ಮೇಲಿನ ಎಲ್ಲವೂ’ ಎಂಬ ಆಯ್ಕೆ ಸೇರಿಸಿದ್ದರೆ ಈ ಗುಣವೇ ಹೋಗುತ್ತಿತ್ತು.

ಪ್ರಶ್ನೆ ಬರೆಯುವವರು ಬರೆದಾದ ಮೇಲೆ ಆಯ್ಕೆಗಳನ್ನು ಕೈಯಿಂದ ಮುಚ್ಚಿ ಓದಿ ನೋಡಲಿ. ಬಲ್ಲವನಿಗೆ ಆಗಲೂ ಉತ್ತರ ಹೊಳೆದರೆ ಆ ಪ್ರಶ್ನೆ ಗಟ್ಟಿಯಾಗಿದೆ.