ಟ್ಯಾಂಜೆಂಟ್ ಶ್ರೇಣಿಯ ಭಾಗಾಕಾರ

ಸೈನ್‌ನ ಘಾತ ಶ್ರೇಣಿಯಾದ, ಅಂದರೆ x ನ ಏರುವ ಘಾತಗಳ ಮೊತ್ತವಾದ x − x³/6 + x⁵/120 − … ಎಂಬುದನ್ನು ಕೊಸೈನ್‌ನ 1 − x²/2 + x⁴/24 − … ಎಂಬುದರಿಂದ ಶಾಲೆಯ ದೀರ್ಘ ಭಾಗಾಕಾರದಂತೆಯೇ ಭಾಗಿಸಿದರೆ, ಭಾಗಲಬ್ಧದ ಮೊದಲ ಪದವಾಗಿ x ದೊರೆತು, x³/3 − x⁵/30 + … ಶೇಷವಾಗಿ ಉಳಿಯುತ್ತದೆ. ಎರಡನೆಯ ಪದ x³/3 ಆಗುವುದರಿಂದ, ಅದನ್ನು ಭಾಜಕದಿಂದ ಗುಣಿಸಿ ಕಳೆದಾಗ x⁵ ನ ಸಹಗುಣಕವು −1/30 + 1/6, ಅಂದರೆ 2/15 ಆಗುತ್ತದೆ. ಇಲ್ಲಿ ಚಿಹ್ನೆ ತಪ್ಪಿದರೆ −1/5 ಬರುತ್ತದೆಯಾದರೂ, ಟ್ಯಾಂಜೆಂಟ್‌ನ ಸಹಗುಣಕಗಳಲ್ಲಿ ಯಾವುದೂ ಋಣವಲ್ಲವಾದ್ದರಿಂದ ತಪ್ಪು ಕೂಡಲೇ ಬಯಲಾಗುತ್ತದೆ.

ಭಾಜ್ಯ ಭಾಜಕಗಳೆರಡೂ x ನ ಎಲ್ಲ ಬೆಲೆಗಳಿಗೂ ಅಭಿಸರಿಸುತ್ತವೆ, ಆದರೆ ಭಾಗಲಬ್ಧ ಹಾಗಲ್ಲ: ±π/2 ರಲ್ಲಿ ಕೊಸೈನ್ ಸೊನ್ನೆಯಾಗಿ ಟ್ಯಾಂಜೆಂಟ್ ಅನಂತಕ್ಕೆ ಜಿಗಿಯುವುದರಿಂದ, ಮತ್ತು ಸಂಕೀರ್ಣ ಸಮತಲದಲ್ಲಿ ಇವುಗಳಿಗಿಂತ ಹತ್ತಿರದ ಅಡ್ಡಿ ಬೇರೊಂದಿಲ್ಲದಿರುವುದರಿಂದ, ಅಭಿಸರಣ ತ್ರಿಜ್ಯವು ಸರಿಯಾಗಿ π/2 ಆಗಿರುತ್ತದೆ. ಸೊಗಸೆಂದರೆ, ಮೊದಲ ಪದಗಳೇ ಇದರ ಸುಳಿವು ಕೊಡುತ್ತವೆ. 2/15 ಅನ್ನು 1/3 ರಿಂದ ಭಾಗಿಸಿದಾಗ ಬರುವ 0.4, ಅನುಪಾತದ ಮಿತಿಯಾದ 4/π², ಸುಮಾರು 0.405 ಕ್ಕೆ, ಆಗಲೇ ತಾಗುವಂತಿದೆ.